ಕಾಕಾ, ಒಂದ್ ಲೆಟರ್ ಬರದ್ ಕೊಡ್ರಿ

ಕಂಪನಿಗೆ ಪತ್ರ ಬೇಕಂತೆ.

ಇದು ಪಾರ್ಸಲ್ ಸಾಗಿಸುವ ಕಂಪನಿ. ಗಾಡಿ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಡ್ರೈವರ್ ಯಾವ ಧಾಬಾದಲ್ಲಿ ಚಹಾ ಕುಡಿದ ಎಂಬುದೆಲ್ಲ ಅದಕ್ಕೆ ಗೊತ್ತು. ಯಾವ ಡಬ್ಬಿ ಯಾವ ಗಳಿಗೆಯಲ್ಲಿ ಯಾರ ಕೈ ದಾಟಿತು ಎಂಬುದು ಸೆಕೆಂಡಿನ ಲೆಕ್ಕದಲ್ಲಿ ಅದರ ಹತ್ತಿರ ಇದೆ. ಹಬ್‌ನ ಮೂಲೆಮೂಲೆಗೆ ಕ್ಯಾಮೆರಾ ಇದೆ. ಇಷ್ಟೆಲ್ಲ ಇದ್ದೂ ಒಂದು ಪಾರ್ಸಲ್ ಕಾಣೆಯಾದರೆ ಅದಕ್ಕೆ ಬೇಕಾಗುವ ಸಾಕ್ಷ್ಯ ಯಾವುದು? ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಕೈಬರಹ.

"ಕಾಕಾ, ಒಂದ್ ಲೆಟರ್ ಬರದ್ ಕೊಡ್ರಿ. ಫಾರ್ಮ್ಯಾಲಿಟಿ ಅಷ್ಟ. ಏನೂ ಆಗಂಗಿಲ್ಲ."

ಹೀಗೆ ಹೇಳುವವನು ಸೂಪರ್‌ವೈಸರ್. ವಯಸ್ಸಿನಲ್ಲಿ ಚಾಲಕನ ಮಗನಂತಿರುತ್ತಾನೆ. ಏನೂ ಆಗುವುದಿಲ್ಲ ಎಂದ ಮೇಲೆ ಪತ್ರ ಏಕೆ? ಕಾಕಾ ಇದನ್ನು ಕೇಳುವುದಿಲ್ಲ. ನಾಳೆ ಲೋಡು ಕೊಡುವವನೂ ಇವನೇ ತಾನೆ.

ನಾನು ಹೇಳುತ್ತಿರುವುದು ಜಮಖಂಡಿಯಿಂದ ಬೀಳಗಿ ಕಡೆಯ ಹಳ್ಳಿಗಳಿಗೆ ಪಾರ್ಸಲ್ ಒಯ್ಯುವ ಒಬ್ಬ ಚಾಲಕನ ವಿಷಯ. ಹೆಸರು ಬೇಡ. ಹೆಸರು ಬರೆದರೆ ಅದಕ್ಕೂ ಒಂದು ವಿವರಣೆ ಪತ್ರ ಕೇಳಿಯಾರು. ಗಾಡಿ ಅವನದೇ. ಗಾಡಿಯ ಸಾಲವೂ ಅವನದೇ. ಡೀಸೆಲ್, ಟೈರು, ಪಂಕ್ಚರ್, ವಿಮೆ ಎಲ್ಲವೂ ಅವನವೇ. ಗಾಡಿಯ ಮೈಮೇಲಿನ ಬಣ್ಣ ಮಾತ್ರ ಕಂಪನಿಯದು.

ಗಾಡಿ ಓಡಿಸಲು ಓದು ಬೇಕಿಲ್ಲವೆಂದು ಸರ್ಕಾರವೇ ಹೇಳಿದೆ. ಸಾಗಣೆ ವಾಹನದ ಚಾಲಕ ಎಂಟನೇ ಇಯತ್ತೆ ಮುಗಿಸಿರಲೇಬೇಕು ಎಂಬ ನಿಯಮ ಮೊದಲು ಇತ್ತು. 2019ರಲ್ಲಿ ಅದನ್ನು ತೆಗೆದುಹಾಕಿದರು. ಚಾಲಕರ ಕೊರತೆ ಇದೆ, ಬಡವರಿಗೆ ಕೆಲಸ ಸಿಗಲಿ ಎಂದರು. ಸರಿಯಾದ ಮಾತು. ಆದರೆ ಓದು ಬೇಡವೆಂದು ಕೆಲಸ ಕೊಟ್ಟವರೇ ಇವನಿಂದ ಮೊಬೈಲಿನಲ್ಲಿ ಇಂಗ್ಲಿಷ್ ಕರಾರು ಒಪ್ಪಿಸಿಕೊಂಡರು. ಹತ್ತಾರು ಪುಟದ ಕರಾರು. ಕೆಳಗೊಂದು ಚೌಕ, ಅದರ ಮೇಲೆ ಹೆಬ್ಬೆರಳು ಒತ್ತಿದ. ಅವನ ಅಜ್ಜ ಸಾಹುಕಾರನ ಕಾಗದಕ್ಕೆ ಒತ್ತುವಾಗ ಬೆರಳಿಗೆ ಮಸಿಯಾದರೂ ಹತ್ತುತ್ತಿತ್ತು.

ಈ ಸೀಮೆಯಲ್ಲಿ ಅವನ ಕೆಲಸ ಎಂಥದು ಎಂಬುದನ್ನೂ ಹೇಳಬೇಕು. ಜಮಖಂಡಿಗೆ ಇನ್ನೂ ರೈಲು ಬಂದಿಲ್ಲ. ಕುಡಚಿ–ಬಾಗಲಕೋಟೆ ಮಾರ್ಗ ಮಂಜೂರಾಗಿ ದಶಕ ದಾಟಿತು. ರಬಕವಿ-ಬನಹಟ್ಟಿಯ ಸೀರೆ ಹೊರಗೆ ಹೋಗುವುದೂ, ಊರಿಗೆ ಮಿಕ್ಸರ್, ಮೊಬೈಲು ಬರುವುದೂ ರಸ್ತೆಯ ಮೇಲೆಯೇ. ಕಬ್ಬಿನ ಹಂಗಾಮು ಶುರುವಾದರೆ ಮುಧೋಳ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು. ಅದರ ಹಿಂದೆ ಸಿಕ್ಕಿಕೊಂಡವನಿಗೆ 'ಲೇಟ್' ಎಂದು ಕೆಂಪು ಗುರುತು. ಕಬ್ಬು ಕಂಪನಿಯ ಪರದೆಯ ಮೇಲೆ ಕಾಣುವುದಿಲ್ಲ.

ಇನ್ನು ಬೀಳಗಿ ತಾಲೂಕು. ಆಲಮಟ್ಟಿಯ ಹಿನ್ನೀರಿಗೆ ಊರುಗಳು ಹೋದವು. ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಊರು ಮುಳುಗಿತು, ಹೆಸರು ಮುಳುಗಲಿಲ್ಲ. ಪಾರ್ಸಲ್ ಮೇಲೆ ಊರಿನ ಹೆಸರು, 'ಗುಡಿ ಹತ್ತಿರ' ಎಂಬ ಒಂದು ಸಾಲು, ಒಂದು ಫೋನ್ ನಂಬರ್ ಇರುತ್ತದೆ. ಹಳೆಯ ಊರೋ ಹೊಸ ಊರೋ, ಯಾವ ಗುಡಿ, ಒಂದೇ ಹೆಸರಿನ ಮೂವರಲ್ಲಿ ಯಾರು ಎಂಬುದು ಇವನ ತಲೆಯಲ್ಲಿದೆ. ಆ ತಲೆಯನ್ನು ಕಂಪನಿ ಪುಕ್ಕಟೆ ಬಳಸಿಕೊಳ್ಳುತ್ತದೆ. ಅದಕ್ಕೆ ಅವನಿಂದ ಯಾವ ಪತ್ರವನ್ನೂ ಕೇಳಿಲ್ಲ.

ಈಗ ಘಟನೆಗೆ ಬರೋಣ.

ರಾತ್ರಿ ದೊಡ್ಡ ಗಾಡಿಯಲ್ಲಿ ಸೀಲ್ ಆದ ಚೀಲಗಳು ಹಬ್‌ಗೆ ಬರುತ್ತವೆ. ಬೆಳಗ್ಗೆ ಹುಡುಗರು ಚೀಲ ಒಡೆದು ಒಂದೊಂದೇ ಪಾರ್ಸಲ್ ಸ್ಕ್ಯಾನ್ ಮಾಡಿ, ರೂಟ್ ಪ್ರಕಾರ ಗುಂಪು ಹಾಕುತ್ತಾರೆ. ಬೀಳಗಿಯ ಗುಂಪು ಒಂದು ಕಡೆ, ಮುಧೋಳದ್ದು ಇನ್ನೊಂದು ಕಡೆ. ಸ್ಕ್ಯಾನ್ ಆದದ್ದೆಲ್ಲ ಚಾಲಕನ ಮೊಬೈಲಿನ ಪಟ್ಟಿಗೆ ಬೀಳುತ್ತದೆ. ಅವನು 'ಸ್ವೀಕರಿಸಿದೆ' ಎಂದು ಒತ್ತಬೇಕು. ಆಮೇಲೆ ಗಾಡಿ ತುಂಬಬೇಕು.

ಕ್ರಮ ನೋಡಿದಿರಾ? ಮೊದಲು ಸ್ವೀಕಾರ, ಆಮೇಲೆ ಸರಕು. ಎಣಿಸಿ ಒತ್ತುತ್ತೇನೆ ಎಂದರೆ, "ಕಾಕಾ, ಟೈಮ್ ಆಗೇತಿ, ಒತ್ತ್ರಿ" ಎಂಬ ಕೂಗು. ಒಂದು ಡಬ್ಬಿಯನ್ನು ಬೀಳಗಿ ಎಂದು ಸ್ಕ್ಯಾನ್ ಮಾಡಿ ಮುಧೋಳದ ಗುಂಪಿಗೆ ಎಸೆದರೆ ಪಟ್ಟಿಯಲ್ಲಿ ಅದು ಇವನದು. ನೆಲದ ಮೇಲೆ ಇನ್ನೊಬ್ಬನದು.

ಆ ದಿನ ಆದದ್ದು ಇಷ್ಟೇ. ಊರಿಗೆ ಹೋದ. ಪಟ್ಟಿಯಲ್ಲಿ ಒಂದು ಮೊಬೈಲ್ ಫೋನ್ ಇತ್ತು, ಬೆಲೆ 14,999 ರೂಪಾಯಿ. ಗಾಡಿಯಲ್ಲಿ ಅದು ಇರಲಿಲ್ಲ. ಗಾಬರಿಯಾಗಿ ಸೂಪರ್‌ವೈಸರಿಗೆ ಫೋನ್ ಮಾಡಿದ. ಚಾಲಕನ ಮೊಬೈಲಿನಲ್ಲಿ ಪಾರ್ಸಲ್ ಕೊಡಲಾಗದಿದ್ದರೆ ಒತ್ತಲು ಕೆಲವು ಗುಂಡಿಗಳಿವೆ. ಗ್ರಾಹಕ ಮನೆಯಲ್ಲಿಲ್ಲ. ಗ್ರಾಹಕ ಬೇಡ ಎಂದ. ವಿಳಾಸ ತಪ್ಪು. ನಾಳೆ ಬಾ ಎಂದ. 'ಈ ಪಾರ್ಸಲ್ ನನ್ನ ಕೈಗೇ ಬಂದಿಲ್ಲ' ಎಂಬ ಗುಂಡಿ ಇಲ್ಲ. ಕಂಪನಿಯ ಲೋಕದಲ್ಲಿ ಕಂಪನಿಯ ತಪ್ಪಿಗೆ ಗುಂಡಿಯನ್ನೇ ಮಾಡಿಲ್ಲ.

"ಸದ್ಯ ಗ್ರಾಹಕ ಮನ್ಯಾಗಿಲ್ಲ ಅಂತ ಒತ್ತ್ರಿ, ಸಂಜಿಕ್ಕ ನೋಡೂಣು" ಎಂದ ಸೂಪರ್‌ವೈಸರ್. ಇವನು ಒತ್ತಿದ.

ಸಂಜೆ ಲೆಕ್ಕ ಕೊಡುವಾಗ ಅದೇ ಗುಂಡಿ ಇವನ ಕೊರಳಿಗೆ ಬಂತು. ಗ್ರಾಹಕ ಮನೆಯಲ್ಲಿಲ್ಲ ಎಂದು ನೀನೇ ಬರೆದಿದ್ದೀಯ, ಅಂದರೆ ಪಾರ್ಸಲ್ ನಿನ್ನ ಹತ್ತಿರ ಇತ್ತು. ಇತ್ತು ಅಂದರೆ ಈಗ ಎಲ್ಲಿ? ಮುಂದಿನ ಪೇಮೆಂಟಿನಲ್ಲಿ 14,999 ಕಡಿತ. ಜೊತೆಗೆ ಐಡಿ ಹೋಲ್ಡ್. ಐಡಿ ತೆರೆಯಬೇಕಾದರೆ ಪತ್ರ ಬೇಕು, ಅದೂ ಸ್ವಂತ ಕೈಬರಹದಲ್ಲಿ.

ಮೊದಲು ಶಿಕ್ಷೆ, ಆಮೇಲೆ ವಿಚಾರಣೆ. ಗಲ್ಲಿಗೆ ಹಾಕಿ ಹೇಳಿಕೆ ಪಡೆಯುವ ಪದ್ಧತಿ ನಮ್ಮಲ್ಲಿ ಸಂಸ್ಥಾನಗಳ ಕಾಲದಲ್ಲೂ ಇರಲಿಲ್ಲ ಅಂದುಕೊಂಡಿದ್ದೇನೆ.

ಪತ್ರ ಬರೆಯಲು ಮನೆಯವರೆಲ್ಲ ಕೂತರು. ಡಿಗ್ರಿ ಓದುವ ಅಣ್ಣನ ಮಗ ಇಂಗ್ಲಿಷ್‌ನಲ್ಲಿ ಬರೆಯೋಣ ಎಂದ. 'ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್' ವರೆಗೆ ಬಂದು ನಿಂತ. ಬೇಡುವುದು ಗೊತ್ತಿತ್ತು, ಹೇಳುವುದು ಏನೆಂದು ಹೊಳೆಯಲಿಲ್ಲ. ಹೆಂಡತಿ, "ಕೇಸು ಗೀಸು ಬ್ಯಾಡ, ಕೈ ಮುಗದು ಬರೀರಿ" ಎಂದಳು. ಕೊನೆಗೆ ಪೆನ್ನು ಹಿಡಿದದ್ದು ಒಂಬತ್ತನೆಯ ಇಯತ್ತೆಯ ಮಗಳು.

"ಅವ್ವಾ, ಆ ಪಾರ್ಸಲ್ ನನಗ ಕೊಟ್ಟೇ ಇಲ್ಲ ಅಂತ ಬರಿ."

"ಹಂಗ ಬರದ್ರ ಸಾಹೇಬ್ರಿಗೆ ಸಿಟ್ಟ ಬರತೈತಿ ಅಪ್ಪಾ. ವಿನಂತಿ ಅಂತ ಬರೀಬೇಕು. ಸಾಲ್ಯಾಗ ಹಂಗ ಹೇಳ್ಯಾರ."

ಅವಳು ಬರೆದ ಪತ್ರವನ್ನು ನನಗೆ ತೋರಿಸಿದರು. ಅಕ್ಷರ ಮುದ್ದಾಗಿತ್ತು. ಒಕ್ಕಣೆ ಹೀಗಿತ್ತು:

'ಮಾನ್ಯರೇ, ವಿಷಯ: ಪಾರ್ಸಲ್ ಕಳೆದ ಬಗ್ಗೆ ಕ್ಷಮೆ ಕೋರಿ. ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಗಾಡಿಯಲ್ಲಿದ್ದ ಒಂದು ಮೊಬೈಲ್ ಪಾರ್ಸಲ್ ಕಳೆದಿರುತ್ತದೆ. ನಾನು ಬಡವನಾಗಿದ್ದು ಹೆಂಡತಿ ಮಕ್ಕಳನ್ನು ಹೊಂದಿರುತ್ತೇನೆ. ಕಾರಣ ನನ್ನ ತಪ್ಪನ್ನು ಮನ್ನಿಸಿ ಐಡಿ ಚಾಲೂ ಮಾಡಬೇಕು. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ. ಇಂತಿ ತಮ್ಮ ವಿಧೇಯ.'

ವ್ಯಾಕರಣಕ್ಕೆ ಪೂರ್ಣ ಅಂಕ. ಅಪ್ಪನಿಗೆ ಪೂರ್ಣ ಸಾಲ.

ಹುಡುಗಿಯದು ಏನೂ ತಪ್ಪಿಲ್ಲ. ನಮ್ಮ ಶಾಲೆಗಳಲ್ಲಿ ಮಕ್ಕಳ ಕೈಗೆ ಅಚ್ಚೊತ್ತಿದಂತೆ ಕೂರುವ ಪತ್ರ ಒಂದೇ, ರಜೆ ಚೀಟಿ. ಜ್ವರ ಬಂದದ್ದಕ್ಕೆ ಕ್ಷಮೆ, ಅಕ್ಕನ ಮದುವೆಗೆ ಕ್ಷಮೆ. ಮೇಲೆ ಮಾನ್ಯರೇ, ಕೆಳಗೆ ವಿಧೇಯ, ನಡುವೆ ಬೇಡಿಕೆ. ನಿನಗೆ ಬರಬೇಕಾದ ಹಣವನ್ನು ಕೇಳುವ ಪತ್ರ ಹೇಗೆ ಬರೆಯಬೇಕೆಂದು ಅವಳಿಗೆ ಯಾರೂ ಹೇಳಿಲ್ಲ. ಹಾಗಾಗಿ ಅಪ್ಪನ 14,999 ರೂಪಾಯಿ ಕೂಡ ರಜೆ ಚೀಟಿಯಾಯಿತು.

ಈ ಪತ್ರ ಕಂಪನಿಯ ಕಡತಕ್ಕೆ ಹೋದರೆ ಏನಾಗುತ್ತದೆ? 'ನನ್ನ ಗಾಡಿಯಲ್ಲಿದ್ದ' ಎಂಬ ಎರಡು ಪದ ಸಾಕು. ಪಾರ್ಸಲ್ ಅವನ ಕೈಗೆ ಬಂದಿತ್ತು ಎಂದು ಅವನೇ ಒಪ್ಪಿದಂತಾಯಿತು. 'ನನ್ನ ತಪ್ಪನ್ನು' ಎಂದ ಮೇಲೆ ಕ್ಯಾಮೆರಾ ನೋಡುವ ಅಗತ್ಯವೇ ಇಲ್ಲ. 'ಇನ್ನು ಮುಂದೆ' ಎಂದ ಮೇಲೆ ಹಿಂದೆಯೂ ಹೀಗೇ ಆಗಿರಬಹುದು ಎಂಬ ಗುಮಾನಿಗೂ ಜಾಗವಾಯಿತು. ಕಂಪನಿ ಒಂದು ರೂಪಾಯಿ ಖರ್ಚಿಲ್ಲದೆ ತಪ್ಪೊಪ್ಪಿಗೆ ಪಡೆಯಿತು. ಬರೆದುಕೊಟ್ಟವಳು ಆರೋಪಿಯ ಮಗಳು. ಪೆನ್ನೂ ಕಾಗದವೂ ಅವನ ಮನೆಯವೇ.

ಸ್ವಂತ ಕೈಬರಹ ಬೇಕು ಎಂಬ ಹಟದ ಗುಟ್ಟು ಇಲ್ಲಿದೆ. ಓದಿದವನು ಎಣಿಸಿ ಬರೆಯುತ್ತಾನೆ. ಓದದವನು ಹೆದರಿ ಬರೆಸುತ್ತಾನೆ. ಹೆದರಿ ಬರೆಸಿದ ಪತ್ರಕ್ಕೆ ಬೆಲೆ ಜಾಸ್ತಿ.

ಈಗ ಕಾನೂನು ನೋಡಿ. ನಗು ಬರುತ್ತದೆ, ಆದರೆ ಖುಷಿಯಿಂದಲ್ಲ.

ಕೆಲಸಗಾರನ ಸಂಬಳದಿಂದ ನಷ್ಟ ಹಿಡಿಯುವುದಕ್ಕೆ ಈ ದೇಶದಲ್ಲಿ 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ನಿಯಮವಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಅದೇ ಮುಂದುವರಿದಿದೆ. ಸರಕನ್ನು ಸ್ಪಷ್ಟವಾಗಿ ಅವನ ವಶಕ್ಕೆ ಕೊಟ್ಟಿರಬೇಕು. ಅವನ ನಿರ್ಲಕ್ಷ್ಯದಿಂದಲೇ ನೇರವಾಗಿ ಹೋಗಿರಬೇಕು. ಹಿಡಿಯುವ ಮೊದಲು ಅವನಿಗೆ ವಿವರಣೆ ಕೊಡಲು ಅವಕಾಶ ಇರಬೇಕು. ಆದ ನಷ್ಟಕ್ಕಿಂತ ಹೆಚ್ಚು ಹಿಡಿಯಬಾರದು.

ಕಂಪನಿಯನ್ನು ಕೇಳಿದರೆ, ಇವನು ನಮ್ಮ ಕೆಲಸಗಾರನೇ ಅಲ್ಲ, ಸ್ವತಂತ್ರ ವ್ಯವಹಾರಸ್ಥ, ಆ ಕಾನೂನು ಇವನಿಗೆ ತಾಗುವುದಿಲ್ಲ ಎನ್ನುತ್ತದೆ. ಒಳ್ಳೆಯದು. ಸ್ವತಂತ್ರ ವ್ಯವಹಾರಸ್ಥನಿಂದ ಕ್ಷಮಾಪಣೆ ಪತ್ರ ಕೇಳುತ್ತಾರೆಯೇ? ಸಿಮೆಂಟ್ ಅಂಗಡಿಯವನು ಒಂದು ಚೀಲ ಕಮ್ಮಿ ಕಳಿಸಿದರೆ ನೀವು ಬಿಲ್ಲಿನಲ್ಲಿ ಹಿಡಿಯುತ್ತೀರಿ, 'ನನ್ನ ತಪ್ಪನ್ನು ಮನ್ನಿಸಿ' ಎಂದು ಬರೆಸಿಕೊಳ್ಳುವುದಿಲ್ಲ. ವಿವರಣೆ ಕೇಳುವ ಪದ್ಧತಿಯನ್ನು ಕಂಪನಿ ಹಳೆಯ ಕಾರ್ಮಿಕ ಕಾನೂನಿನಿಂದಲೇ ಎತ್ತಿಕೊಂಡಿದೆ. ಅದರ ಹಿಂದಿದ್ದ ರಕ್ಷಣೆಯನ್ನು ಮಾತ್ರ ಅಲ್ಲೇ ಬಿಟ್ಟುಬಂದಿದೆ. ಹಣ ಹಿಡಿಯುವಾಗ ಇವನು ನೌಕರ. ಹಕ್ಕು ಕೇಳುವಾಗ ಮಾಲಕ.

ಈ ಆಟ ನೋಡಿಯೇ ಕರ್ನಾಟಕ ಸರ್ಕಾರ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ತಂದಿತು. ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಅದೇ ವರ್ಷ ಕಾಯ್ದೆಯಾಯಿತು. ಸರಕು ಸಾಗಣೆ ಸೇವೆಯೂ ಅದರ ಪಟ್ಟಿಯಲ್ಲಿದೆ. ಅದರ ಪ್ರಕಾರ ಕರಾರು ಕೆಲಸಗಾರನಿಗೆ ತಿಳಿಯುವ ಸರಳ ಭಾಷೆಯಲ್ಲಿರಬೇಕು. ಹಣ ಹಿಡಿದರೆ ಕಾರಣ ತಿಳಿಸಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣವನ್ನು ಬರೆದು ಕೊಡಬೇಕು, 14 ದಿನ ಮೊದಲು ಹೇಳಬೇಕು. ದೂರು ಹೇಳಿಕೊಳ್ಳಲು ಒಬ್ಬ ಮನುಷ್ಯ ಸಿಗಬೇಕು.

ಇನ್ನೊಮ್ಮೆ ಓದಿ. ಪತ್ರ ಬರೆಯಬೇಕಾದವರು ಯಾರು? ಕಂಪನಿ. ಬರೆಯುತ್ತಿರುವವರು ಯಾರು? ಒಂಬತ್ತನೆಯ ಇಯತ್ತೆಯ ಹುಡುಗಿ.

ಕಂಪನಿಯ ಹತ್ತಿರ ಇದಕ್ಕೂ ಉತ್ತರ ತಯಾರಿದೆ. ನಾವು ತೆಗೆದೇ ಇಲ್ಲ, ಐಡಿ ಹೋಲ್ಡ್‌ನಲ್ಲಿದೆ ಅಷ್ಟೇ. ಅಂದರೆ ಕೆಲಸವಿದೆ, ಮಾಡುವ ಹಾಗಿಲ್ಲ. ಇನ್ನೂ ಗಟ್ಟಿಯಾದ ಉತ್ತರ ಎಂದರೆ ನಡುವೆ ಕೂತಿರುವ ವೆಂಡರ್. ಕಂಪನಿಯನ್ನು ಕೇಳಿದರೆ ಇವನು ವೆಂಡರ್‌ನ ಡ್ರೈವರ್. ವೆಂಡರನ್ನು ಕೇಳಿದರೆ ಕಡಿತ ಮಾಡಿದ್ದು ಕಂಪನಿ. ಗಾಡಿಗೆ ಬಣ್ಣ ಬಳಿಸುವಾಗ ಈ ಗೊಂದಲ ಇರಲಿಲ್ಲ. ಹೊಸ ಕಾಯ್ದೆ ಮೊದಲು ಎಡವಬಹುದಾದ ಜಾಗವೂ ಇದೇ. ಆದ್ದರಿಂದಲೇ ಪತ್ರ ಇಬ್ಬರಿಗೂ ಹೋಗಬೇಕು, ಒಂದೇ ಒಕ್ಕಣೆಯಲ್ಲಿ.

ಎಂಥ ಪತ್ರ? ಕೆಲಸಗಾರ ಬಾಯಿಯಲ್ಲಿ ಹೇಳಿದ್ದನ್ನೇ ಬರೆದರೆ ಸಾಕು. ಮನೆಯವರು ತಮ್ಮ ಶಾಲೆಯ ಪಾಂಡಿತ್ಯ ಸೇರಿಸದಿದ್ದರೆ ಅದೇ ದೊಡ್ಡ ಉಪಕಾರ. ಮಗಳಿಗೆ ಕಾಗದ ಹರಿದುಹಾಕಲು ಹೇಳಿದೆ. ಅಪ್ಪ ಹೇಳಿದ, ಅವಳು ಬರೆದಳು. ಎರಡನೆಯ ಪತ್ರ ಹೀಗೆ ಬಂತು:

'ಹಬ್ ಮ್ಯಾನೇಜರ್ ಅವರಿಗೆ, ವೆಂಡರ್ ಅವರಿಗೆ, ಮತ್ತು ಕಂಪನಿಯ ಮುಖ್ಯ ಕಚೇರಿಗೆ. ನನ್ನ ಐಡಿ ನಂಬರ್ ಇದು, ಗಾಡಿ ನಂಬರ್ ಇದು. ಈ ನಂಬರಿನ ಪಾರ್ಸಲ್ ಸಲುವಾಗಿ ನನ್ನ ಪೇಮೆಂಟಿನಲ್ಲಿ 14,999 ರೂಪಾಯಿ ಹಿಡಿದಿದ್ದೀರಿ.

ಆ ಪಾರ್ಸಲ್ ನನ್ನ ಕೈಗೆ ಬಂದಿಲ್ಲ. ಅಂದು ಬೆಳಗ್ಗೆ ಸ್ಕ್ಯಾನ್ ಮಾಡಿದವರು ಹಬ್‌ನ ಹುಡುಗರು, ನಾನಲ್ಲ. ಎಣಿಸಲು ಬಿಡದೆ ಒತ್ತು ಎಂದರು, ಒತ್ತಿದೆ. ಊರಿಗೆ ಹೋದ ಮೇಲೆ ಪಾರ್ಸಲ್ ಇಲ್ಲವೆಂದು ತಿಳಿಯಿತು. ಅಲ್ಲಿಂದಲೇ ಸೂಪರ್‌ವೈಸರಿಗೆ ಫೋನ್ ಮಾಡಿದೆ. ಗ್ರಾಹಕ ಮನೆಯಲ್ಲಿಲ್ಲ ಎಂದು ಒತ್ತಲು ಅವರು ಹೇಳಿದರು. ಫೋನ್ ಮಾಡಿದ ವೇಳೆ ನನ್ನ ಮೊಬೈಲಿನಲ್ಲಿದೆ.

ಆ ಬೆಳಗಿನ ಕ್ಯಾಮೆರಾ ಚಿತ್ರ ಅಳಿಸಬೇಡಿರಿ. ಆ ಪಾರ್ಸಲ್ಲನ್ನು ಕೊನೆಗೆ ಸ್ಕ್ಯಾನ್ ಮಾಡಿದವರು ಯಾರು, ಎಷ್ಟು ಗಂಟೆಗೆ ಎಂದು ತಿಳಿಸಿರಿ. ಅದಕ್ಕೆ ವಿಮೆ ಇದೆಯೋ ಇಲ್ಲವೋ ತಿಳಿಸಿರಿ. ಹಣ ಹಿಡಿದ ಕಾರಣ, ಐಡಿ ನಿಲ್ಲಿಸಿದ ಕಾರಣ ಕನ್ನಡದಲ್ಲಿ ಬರೆದು ಕೊಡಿರಿ. ಹಣ ವಾಪಸ್ ಕೊಟ್ಟು ಐಡಿ ಚಾಲೂ ಮಾಡಿರಿ.'

ಕ್ಷಮೆ ಇಲ್ಲ. ವಿಧೇಯನೂ ಇಲ್ಲ. ಕೆಳಗೆ ತಾರೀಖು, ಅವನ ಸಹಿ. ಅದರ ಕೆಳಗೆ ಮಗಳ ಎರಡು ಸಾಲು: 'ಅಪ್ಪ ಹೇಳಿದ್ದನ್ನು ನಾನು ಬರೆದಿದ್ದೇನೆ. ಬರೆದದ್ದನ್ನು ಓದಿ ಹೇಳಿದ್ದೇನೆ, ಸರಿ ಇದೆ ಎಂದು ಸಹಿ ಮಾಡಿದ್ದಾರೆ.' ಪಕ್ಕದಲ್ಲಿ ಹಿರಿಯರೊಬ್ಬರ ಸಹಿ. ಓದಲು ಬಾರದವರ ಕಾಗದಗಳಲ್ಲಿ ಹಿಂದಿನಿಂದ ಬಂದ ರೂಢಿ ಇದು. ಸ್ವಂತ ಕೈಬರಹವಲ್ಲ ಎಂದು ಮೂಗು ಮುರಿಯುವವರಿಗೆ ಇಷ್ಟು ಉತ್ತರ ಸಾಕು. ಕಂಪನಿಯ ಮುಖ್ಯಸ್ಥರ ಪತ್ರಗಳನ್ನೂ ಬೇರೆಯವರೇ ಬರೆಯುತ್ತಾರೆ. ಅವರು ಓದಿಸಿ ಕೇಳುವುದೂ ಅನುಮಾನ.

ಈ ಪತ್ರದಲ್ಲಿ ಬೆಲೆ ಇರುವುದು ಸಿಟ್ಟಿಗಲ್ಲ, ವೇಳೆಗೆ. ಅವನು 'ಸ್ವೀಕರಿಸಿದೆ' ಎಂದು ಒತ್ತಿದ ವೇಳೆ ಕಂಪನಿಯ ಯಂತ್ರದಲ್ಲಿದೆ. ಡಬ್ಬಿಯನ್ನು ಕೊನೆಗೆ ಸ್ಕ್ಯಾನ್ ಮಾಡಿದ ವೇಳೆಯೂ ಇದೆ. ಗಾಡಿ ತುಂಬಿದ್ದನ್ನು ಕ್ಯಾಮೆರಾ ನೋಡಿದೆ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಡಬ್ಬಿ ಎತ್ತ ಹೋಯಿತೆಂದು ಮಗು ಕೂಡ ಹೇಳುತ್ತದೆ. ಆದರೆ ಕ್ಯಾಮೆರಾದ ನೆನಪು ಗಿಡ್ಡ. ಹಳೆಯದರ ಮೇಲೆ ಹೊಸದು ಕೂತು, ಕೆಲವೇ ವಾರಗಳಲ್ಲಿ ಆ ಬೆಳಗು ಅಳಿಸಿಹೋಗುತ್ತದೆ. ನೋಡೂಣು, ನೋಡೂಣು ಎಂದು ಸೂಪರ್‌ವೈಸರ್ ತಿಂಗಳು ತಳ್ಳುವುದರಲ್ಲಿ ಎಷ್ಟು ಸೋಮಾರಿತನ, ಎಷ್ಟು ಜಾಣತನ ಎಂದು ನೀವೇ ಲೆಕ್ಕ ಹಾಕಿ.

ಇನ್ನೊಂದು ಕಡೆಯೂ ಗಡಿಯಾರ ಓಡುತ್ತಿರುತ್ತದೆ. ಐಡಿ ಪೂರ್ತಿ ಮುಚ್ಚಿದರೆ ಮೊಬೈಲಿನಲ್ಲಿದ್ದ ಅವತ್ತಿನ ಪಟ್ಟಿ, ಪೇಮೆಂಟಿನ ಲೆಕ್ಕ, ಕಡಿತದ ಸಾಲು ಎಲ್ಲವೂ ಮಾಯ. ತನ್ನದೇ ದುಡಿಮೆಯ ದಾಖಲೆ ನೋಡಲು ಅವನಿಗೇ ಅನುಮತಿ ಇಲ್ಲ. ಆದ್ದರಿಂದ ತಕರಾರು ಬಂದ ದಿನವೇ ಹೆಂಡತಿಯ ಫೋನಿನಿಂದ ಆ ಪರದೆಯ ಫೋಟೊ ತೆಗೆದಿಡಬೇಕು. ಕರೆ ಮಾಡಿದ ಪಟ್ಟಿಯದೂ. ಇದಕ್ಕೆ ಓದು ಬೇಕಿಲ್ಲ, ಅನುಮಾನ ಬೇಕು. ನಮ್ಮ ಜನಕ್ಕೆ ಇಲ್ಲದ್ದು ಅದೇ.

ಕಳಿಸುವ ವಿಷಯಕ್ಕೆ ಬಂದರೆ ಇನ್ನೂ ಮಜಾ. ಹಬ್‌ನಲ್ಲಿ ಕೈಗೆ ಕೊಟ್ಟರೆ ನಕಲಿನ ಮೇಲೆ 'ಮುಟ್ಟಿದೆ' ಎಂದು ಸಹಿ ಹಾಕುವವರು ಯಾರೂ ಇಲ್ಲ. ದಿನಕ್ಕೆ ನೂರಾರು ಸಹಿ ಮಾಡಿಸಿಕೊಳ್ಳುವ ಕಂಪನಿಗೆ ಒಂದು ಸಹಿ ಮಾಡಲು ಅಧಿಕಾರ ಇಲ್ಲವಂತೆ. ಪಾರ್ಸಲ್ ಸಾಗಿಸುವ ಕಂಪನಿಗೆ ಕಾಗದ ಮುಟ್ಟಿಸಲು ಕೊನೆಗೆ ಸರ್ಕಾರದ ಅಂಚೆಯೇ ಬೇಕಾಯಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಎಂಬುದು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಜಮಖಂಡಿ ಪೋಸ್ಟ್ ಆಫೀಸಿನಲ್ಲಿ ಸ್ಪೀಡ್ ಪೋಸ್ಟ್ ಮಾಡಿ, ಮುಟ್ಟಿದ್ದಕ್ಕೆ ದಾಖಲೆ ಬೇಕೆಂದು ಹೇಳಿ ರಸೀದಿ ಇಟ್ಟುಕೊಂಡರೆ ಆಯಿತು. ಪತ್ರದ ಒಂದು ಝೆರಾಕ್ಸ್ ಮನೆಯಲ್ಲಿ.

ಇಷ್ಟು ಮಾಡಿದರೆ ಹಣ ಬಂದೇಬಿಡುತ್ತದೆ ಎಂದು ನಾನು ಹೇಳುವುದಿಲ್ಲ. 'ಸ್ವೀಕರಿಸಿದೆ' ಎಂದು ಒತ್ತಿದ್ದು ಸುಳ್ಳಲ್ಲ. ಕಂಪನಿ ಅದನ್ನೇ ಹಿಡಿದು ಎಳೆಯುತ್ತದೆ. ಸೂಪರ್‌ವೈಸರ್ ಸಿಟ್ಟಿಗೆ ದೂರದ ರೂಟು, ಭಾರದ ಪಾರ್ಸಲ್ ಕೊಟ್ಟಾನು. ವೆಂಡರ್ ಫೋನ್ ಎತ್ತದೆ ಹೋದಾನು. ಆದರೆ ಮೊದಲಿನ ಪತ್ರ ಕೊಟ್ಟಿದ್ದರೆ ಜಗಳ ಅಲ್ಲೇ ಮುಗಿಯುತ್ತಿತ್ತು, ಅವನ ಸೋಲಿನಲ್ಲಿ. ಎರಡನೆಯದು ಜಗಳವನ್ನು ಜೀವಂತ ಇಡುತ್ತದೆ. ಜಮಖಂಡಿಯ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಆದಾಯ ಕಡಿಮೆ ಇದ್ದವರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತದೆ. ಫೋನ್ ನಂಬರ್ 15100. ಅಲ್ಲಿಗೆ ಹೋದಾಗ ವಕೀಲರು ಮೊದಲು ಕೇಳುವುದು, ನೀವು ಕಂಪನಿಗೆ ಏನು ಬರೆದು ಕೊಟ್ಟಿದ್ದೀರಿ ಎಂದೇ.

ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯಲ್ಲಿ ಗಾಡಿ ಓಡಿಸುವ ಅಣ್ಣಂದಿರೇ, ಅವರ ಮನೆಯಲ್ಲಿ ಪೆನ್ನು ಹಿಡಿಯುವ ಮಕ್ಕಳೇ, ಕಂಪನಿಯವರು ಲೆಟರ್ ಕೇಳಿದ ದಿನ ಒಂದೇ ಮಾತು ಹೇಳಿ: "ಸರ, ಮೊದಲ ನಿಮ್ಮ ಲೆಟರ್ ಕೊಡ್ರಿ. ರೊಕ್ಕ ಯಾಕ ಹಿಡದೀರಿ ಅಂತ ಬರದ್ ಕೊಡ್ರಿ. ನಾವು ಮನ್ಯಾಗ ಓದಿಸಿಕೊಂಡು, ಆಮ್ಯಾಲ ಉತ್ತರ ಬರೀತೀವಿ."